ಥೈರಾಯ್ಡ್ ಮಾತ್ರೆ ನುಂಗಿ ಇಪ್ಪತ್ತು ನಿಮಿಷಕ್ಕೆ ಸೋಯಾ ಹಾಲು: ಟಿಎಸ್‌ಎಚ್ ಏರಿದ್ದು ಇದರಿಂದಲೇನಾ?

ಮಂದಾರ
ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಲೆವೊಥೈರಾಕ್ಸಿನ್ 75 ಮೈಕ್ರೋಗ್ರಾಂ ತಗೋತಿದೀನಿ. ಹೋದ ವರ್ಷದ ಪರೀಕ್ಷೆಯಲ್ಲಿ ಟಿಎಸ್‌ಎಚ್ 2.1 ಇತ್ತು, ಎಲ್ಲ ಸರಿ ಅಂದಿದ್ದರು. ಮೊನ್ನೆ ನೋಡಿದರೆ 7.8, ಅಂದರೆ ಮೈಗೆ ಥೈರಾಯ್ಡ್ ಹಾರ್ಮೋನ್ ಸಾಲ್ತಿಲ್ಲ ಅಂತ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ಕಂಪನಿಯೂ ಬದಲಾಗಿಲ್ಲ, ತೂಕವೂ ಹೆಚ್ಚುಕಡಿಮೆ ಅಷ್ಟೇ ಇದೆ. ಡಾಕ್ಟರು 100ಕ್ಕೆ ಏರಿಸಿ ಚೀಟಿ ಬರೆದಿದ್ದಾರೆ, ಇನ್ನೂ ಶುರು ಮಾಡಿಲ್ಲ.

ಬದಲಾಗಿರೋದು ಒಂದೇ. ಹಸುವಿನ ಹಾಲು ಹೊಟ್ಟೆಗೆ ಆಗೋದಿಲ್ಲ ಅಂತ ನಾಲ್ಕು ತಿಂಗಳಿಂದ ಸೋಯಾಗೆ ಬಂದಿದ್ದೀನಿ. ಬೆಳಿಗ್ಗೆ ಏಳಕ್ಕೆ ಮಾತ್ರೆ, ಏಳೂ ಇಪ್ಪತ್ತಕ್ಕೆ ಸೋಯಾ ಹಾಲಿಗೆ ಓಟ್ಸ್ ಹಾಕಿ ರುಬ್ಬಿಕೊಂಡು ದೊಡ್ಡ ಲೋಟ, ಸುಮಾರು 300 ಮಿಲಿ. ಮಧ್ಯಾಹ್ನ 100 ಗ್ರಾಂ ತೋಫು. ರಾತ್ರಿ ಸೋಯಾ ಚಂಕ್ಸ್ 150 ಗ್ರಾಂ. ಸೋಯಾ ಪೂರ್ತಿ ಬಿಡಬೇಕಾ, ಇಲ್ಲ 100ರ ಮಾತ್ರೆ ಶುರು ಮಾಡಿ ಸುಮ್ಮನಿರಬೇಕಾ?

ಕಹಿಬೇವು
ಬಿಟ್ಟುಬಿಡಿ, ಇವತ್ತೇ. ಸೋಯಾದಲ್ಲಿ ಐಸೊಫ್ಲೇವೋನ್ ಅಂತ ಇದೆ, ಅದು ಥೈರಾಯ್ಡ್ ಗ್ರಂಥಿಯ ಕೆಲಸವನ್ನೇ ತಡೆಯುತ್ತೆ. ಸೋಯಾ ಹಾಲು ಕುಡಿಸಿದ ಮಕ್ಕಳಿಗೆ ಗಳಗಂಡ ಬಂದಿತ್ತು, ಬೇಕಾದರೆ ಹುಡುಕಿ ನೋಡಿ. ಥೈರಾಯ್ಡ್ ಇರೋರು ಸೋಯಾದ ಹತ್ತಿರವೂ ಸುಳಿಯಬಾರದು.

ಕಸರತ್ತು
150 ಗ್ರಾಂ ಚಂಕ್ಸ್ ದಿನಾ?? ಅಕ್ಕಾ, ಅಂದರೆ ಅದೊಂದರಲ್ಲೇ 75 ಗ್ರಾಂ ಮೇಲೆ ಪ್ರೋಟೀನ್! ನಾನು ಜಿಮ್‌ಗೆ ಹೋಗೋನು, ನನಗೇ ಅಷ್ಟು ತಿನ್ನೋಕೆ ಆಗಲ್ಲ 😅

ಮಂದಾರ
ಅಯ್ಯೋ ಇಲ್ಲಪ್ಪ, 150 ಗ್ರಾಂ ಅಂದಿದ್ದು ನೆನೆಸಿ ಹಿಂಡಿದ ಮೇಲಿನ ತೂಕ. ಒಣಗಿದ್ದಾಗ ಎಷ್ಟಿತ್ತು ಅಂತ ಯಾವತ್ತೂ ತೂಗಿಲ್ಲ.

ಅಳತೆ ಚಮಚ
ಹಾಗಾದರೆ ಒಣ ಲೆಕ್ಕದಲ್ಲಿ ಸುಮಾರು 50 ಗ್ರಾಂ ಇಟ್ಟುಕೊಳ್ಳಿ. ನೀರು ಕುಡಿದು ಎರಡೂವರೆಯಿಂದ ಮೂರು ಪಟ್ಟು ತೂಗುತ್ತೆ ಅದು. ಪೊಟ್ಟಣದ ಮೇಲೆ 100 ಗ್ರಾಂಗೆ 52 ಗ್ರಾಂ ಪ್ರೋಟೀನ್ ಅಂತ ಬರೆದಿರೋದು ಒಣ ಚಂಕ್ಸ್‌ಗೆ. ನೆನೆಸಿದ್ದಕ್ಕೆ ಆ ಅಂಕಿ ಹಾಕಿಕೊಂಡು ಮೋಸ ಹೋಗೋರು ತುಂಬಾ ಜನ. ನಿಮ್ಮ ರಾತ್ರಿಯ ಬಟ್ಟಲಲ್ಲಿ 26 ಗ್ರಾಂ ಆಸುಪಾಸು ಪ್ರೋಟೀನ್ ಇದೆ. ಆಹಾರ ಸಲಹೆ ನನ್ನ ಕೆಲಸ, ಅದಕ್ಕೇ ಈ ತೂಕದ ವಿಷಯ ಕಂಡರೆ ಕೈ ಸುಮ್ಮನಿರಲ್ಲ. ಮಾತ್ರೆ ವಿಷಯವನ್ನು ಗುಳಿಗೆ ಡಬ್ಬಿ ಅವರು ಬಂದು ಹೇಳಲಿ.

ಗುಳಿಗೆ ಡಬ್ಬಿ
ಬಂದೆ. ಔಷಧದಂಗಡಿಯಲ್ಲಿ ನಿಂತು 22 ವರ್ಷ ಆಯ್ತು, ಈ ಪ್ರಶ್ನೆ ತಿಂಗಳಿಗೊಂದು ಸಲ ಕೇಳಿಯೇ ಕೇಳ್ತೀನಿ.

ಮಂದಾರ ಅವರೇ, ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಒಂದಕ್ಕೊಂದು ಗಂಟು ಬಿದ್ದಿವೆ. ಒಂದು, ಸೋಯಾ ನಿಮ್ಮ ಗ್ರಂಥಿಗೆ ಏನಾದರೂ ಮಾಡುತ್ತಾ ಅನ್ನೋದು. ಇನ್ನೊಂದು, ಸೋಯಾ ನಿಮ್ಮ ಮಾತ್ರೆಗೆ ಏನು ಮಾಡುತ್ತೆ ಅನ್ನೋದು. ಕಹಿಬೇವು ಹೇಳಿದ್ದು ಮೊದಲನೆಯದು. ನಿಮ್ಮ 7.8ಕ್ಕೆ ನನಗೆ ಅನುಮಾನ ಇರೋದು ಎರಡನೆಯದರ ಮೇಲೆ.

ಲೆವೊಥೈರಾಕ್ಸಿನ್ ಸ್ವಲ್ಪ ಜಂಬದ ಔಷಧ. ಖಾಲಿ ಹೊಟ್ಟೆಯಲ್ಲಿ ತಗೊಂಡರೂ ಪೂರ್ತಿ ಒಳಗೆ ಹೋಗಲ್ಲ, ನುಂಗಿದ್ದರಲ್ಲಿ ನೂರಕ್ಕೆ 40ರಿಂದ 80 ಭಾಗ ಮಾತ್ರ ಸಣ್ಣ ಕರುಳು ಹೀರಿಕೊಳ್ಳುತ್ತೆ. ಅದೇ ಹೊತ್ತಿಗೆ ಕರುಳಲ್ಲಿ ಸೋಯಾ ಇದ್ದರೆ ಒಂದಿಷ್ಟು ಔಷಧ ಅದಕ್ಕೆ ಅಂಟಿಕೊಂಡು ಹಾಗೇ ಹೊರಗೆ ಹೋಗುತ್ತೆ. ಮಾತ್ರೆಯ ಜೊತೆ ಬರುವ ಕಾಗದದಲ್ಲೇ ಸೋಯಾ ಹಿಟ್ಟು, ನಾರಿನಂಶ, ಕ್ಯಾಲ್ಸಿಯಂ, ಕಬ್ಬಿಣ ಎಲ್ಲದರ ಹೆಸರಿರುತ್ತೆ. ಅಷ್ಟು ಸಣ್ಣ ಅಕ್ಷರ ಓದೋಕೆ ಯಾರಿಗೆ ಪುರುಸೊತ್ತು ಬಿಡಿ.

ಈಗ ನಿಮ್ಮ ಬೆಳಗಿನ ಲೋಟ ನೋಡಿ. ಸೋಯಾ ಇದೆ, ಓಟ್ಸ್‌ನ ನಾರು ಇದೆ. ಹಾಲಿನ ಡಬ್ಬದ ಮೇಲೆ ಕ್ಯಾಲ್ಸಿಯಂ ಸೇರಿಸಿದೆ ಅಂತ ಬರೆದಿದೆಯಾ ನೋಡಿ ಹೇಳಿ. ಜೊತೆಗೆ ಮಾತ್ರೆಗೆ ಸಿಕ್ಕ ಬಿಡುವು ಇಪ್ಪತ್ತೇ ನಿಮಿಷ. ಎಲ್ಲರಿಗೂ ಹೇಳೋದು ಕನಿಷ್ಠ ಅರ್ಧ ಗಂಟೆಯಿಂದ ಒಂದು ಗಂಟೆ, ಅದೂ ಮಾಮೂಲಿ ತಿಂಡಿಗೆ.

ಮಂದಾರ
ಡಬ್ಬ ನೋಡಿದೆ. 100 ಮಿಲಿಗೆ ಕ್ಯಾಲ್ಸಿಯಂ 120 ಮಿಗ್ರಾಂ ಅಂತಿದೆ. ಒಳ್ಳೇದಲ್ವಾ ಅಂತಾನೇ ಇದನ್ನ ಆರಿಸಿದ್ದು!

ಗುಳಿಗೆ ಡಬ್ಬಿ
ಮೂಳೆಗೆ ಒಳ್ಳೇದೇ. ಆದರೆ 300 ಮಿಲಿಗೆ 360 ಮಿಗ್ರಾಂ ಆಯ್ತಲ್ಲ, ಅದು ಒಂದು ಸಣ್ಣ ಕ್ಯಾಲ್ಸಿಯಂ ಮಾತ್ರೆ ನುಂಗಿದ ಹಾಗೆ. ಕ್ಯಾಲ್ಸಿಯಂ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಇಡಿ ಅಂತ ಹೇಳಿ ಕಳಿಸ್ತೀವಿ. ಹಾಲಿನ ರೂಪದಲ್ಲಿ ಬಂದ ಕ್ಯಾಲ್ಸಿಯಂನ ಯಾರೂ ಲೆಕ್ಕಕ್ಕೆ ತಗೊಳ್ಳೋದೇ ಇಲ್ಲ.

ಕಹಿಬೇವು
ಹಾಗಾದರೆ ಮಕ್ಕಳಿಗೆ ಗಳಗಂಡ ಬಂದಿದ್ದು ಸುಳ್ಳಾ?

ಗುಳಿಗೆ ಡಬ್ಬಿ
ಸುಳ್ಳಲ್ಲ. 1950ರ ಮತ್ತು 60ರ ದಶಕದ ಕತೆ ಅದು. ಆಗ ಕೂಸುಗಳಿಗೆ ಕೊಡುತ್ತಿದ್ದ ಸೋಯಾ ಪುಡಿಯಲ್ಲಿ ಅಯೋಡಿನ್ ಸೇರಿಸುತ್ತಿರಲಿಲ್ಲ. ಆ ಮಕ್ಕಳಿಗೆ ಬೇರೆ ಆಹಾರವೂ ಇರಲಿಲ್ಲ, ಅಯೋಡಿನ್ ಬರೋ ದಾರಿಯೇ ಬಂದಾಗಿತ್ತು. ಅಯೋಡಿನ್ ಸೇರಿಸೋಕೆ ಶುರು ಮಾಡಿದ ಮೇಲೆ ಅಂಥ ಗಳಗಂಡ ನಿಂತಿತು. ನೀವು ಹೇಳಿದ ಐಸೊಫ್ಲೇವೋನ್ ವಿಷಯದಲ್ಲೂ ಅರ್ಧ ನಿಜ ಇದೆ. ಪ್ರಯೋಗಾಲಯದ ಗಾಜಿನೊಳಗೆ ಜೆನಿಸ್ಟೀನ್ ಅನ್ನೋ ಐಸೊಫ್ಲೇವೋನ್ ಹಾಕಿದರೆ ಥೈರಾಯ್ಡ್ ಹಾರ್ಮೋನ್ ತಯಾರಿಸೋ ಕಿಣ್ವದ ಕೆಲಸ ತಗ್ಗುತ್ತೆ, ಅದು 1997ರಲ್ಲೇ ತೋರಿಸಿದ್ದು. ಆದರೆ ಅಯೋಡಿನ್ ಸಾಕಷ್ಟಿರೋ ಆರೋಗ್ಯವಂತರಿಗೆ ಸೋಯಾ ತಿನ್ನಿಸಿ ನೋಡಿದಾಗ ಹಾರ್ಮೋನ್ ಮಟ್ಟದಲ್ಲಿ ಹೇಳಿಕೊಳ್ಳೋ ಬದಲಾವಣೆ ಕಂಡಿಲ್ಲ. ಕೆಲವು ಪರೀಕ್ಷೆಗಳಲ್ಲಿ ಟಿಎಸ್‌ಎಚ್ ಕೂದಲೆಳೆಯಷ್ಟು ಏರಿದೆ, ಅಷ್ಟೇ.

ಕಹಿಬೇವು
ಕೂದಲೆಳೆಯಾದರೂ ಏರಿತಲ್ಲ. ನಾನಂತೂ ಮನೆಯೊಳಗೆ ತರಲ್ಲ.

ರೇವತಿ ಎಸ್.
ನನ್ನ ಕತೆ ಕೇಳಿ, ಇದರಲ್ಲಿ ಸಾಕ್ಷಿಯೇ ಇದೆ. ಐದು ವರ್ಷದ ಹಿಂದೆ ನನ್ನ ಥೈರಾಯ್ಡ್ ಗ್ರಂಥಿಯನ್ನೇ ಪೂರ್ತಿ ತೆಗೆದರು. ಈಗ 125ರ ಮಾತ್ರೆ. ಸೋಯಾ ಗ್ರಂಥಿಗೆ ತೊಂದರೆ ಮಾಡುತ್ತೆ ಅಂತ ಎಲ್ಲರೂ ಹೆದರಿಸ್ತಾರೆ. ಇಲ್ಲದ ಗ್ರಂಥಿಗೆ ಅದು ಏನು ಮಾಡೀತು ಹೇಳಿ! ನನಗೆ ಇರೋದು ಮಾತ್ರೆ ಒಳಗೆ ಹೋಗುತ್ತೋ ಇಲ್ಲವೋ ಅನ್ನೋ ಚಿಂತೆ ಒಂದೇ.

ನಾನೂ ಮಂದಾರ ಅವರ ಹಾಗೇ ಸಿಕ್ಕಿಬಿದ್ದಿದ್ದೆ. ಮಾತ್ರೆ ನುಂಗಿದ ತಕ್ಷಣ ಸೋಯಾ ಪ್ರೋಟೀನ್ ಪುಡಿ ಕಲಸಿ ಕುಡೀತಿದ್ದೆ. ಟಿಎಸ್‌ಎಚ್ ಏರಿತು, ಡೋಸ್ 125ರಿಂದ 150 ಮಾಡಿದರು. ಅಷ್ಟರಲ್ಲಿ ಯಾರೋ ಹೇಳಿದರು ಅಂತ ಅದೇ ವಾರ ಪುಡಿಯನ್ನೂ ಬಿಟ್ಟೆ. ಎರಡು ತಿಂಗಳಿಗೆ ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ. ಟಿಎಸ್‌ಎಚ್ 0.08! ಡೋಸೂ ಏರಿತ್ತು, ತಡೆಯೂ ಹೋಗಿತ್ತು, ಎರಡೂ ಕೂಡಿ ಮೈಮೇಲೆ ಬಂತು. ಮತ್ತೆ 125ಕ್ಕೆ ಇಳಿಸಿ ಸರಿಹೋಗೋಕೆ ಇನ್ನೆರಡು ತಿಂಗಳು ಹಿಡಿಯಿತು.

ಗುಳಿಗೆ ಡಬ್ಬಿ
ರೇವತಿ ಅವರು ಹೇಳಿದ್ದನ್ನ ಇನ್ನೊಂದು ಸಲ ಓದಿ ಮಂದಾರ ಅವರೇ. ನೀವು ನಾಳೆ 100ರ ಮಾತ್ರೆ ಶುರು ಮಾಡಿ, ಇಲ್ಲಿ ಓದಿದ್ದಕ್ಕೆ ಸೋಯಾವನ್ನೂ ಬಿಟ್ಟರೆ ಇದೇ ಆಗೋದು. ಎರಡರಲ್ಲಿ ಒಂದನ್ನ ಮಾತ್ರ ಬದಲಿಸಿ. ಯಾವುದನ್ನ ಅಂತ ಡಾಕ್ಟರ ಹತ್ತಿರ ಮಾತಾಡಿ. "ನಾಲ್ಕು ತಿಂಗಳಿಂದ ಮಾತ್ರೆ ಆದ ಇಪ್ಪತ್ತು ನಿಮಿಷಕ್ಕೆ ಕ್ಯಾಲ್ಸಿಯಂ ಇರೋ ಸೋಯಾ ಹಾಲು ಕುಡೀತಿದೀನಿ" ಅಂತ ಈ ಮಾತಿನಲ್ಲೇ ಹೇಳಿ. "ಆಹಾರ ಸ್ವಲ್ಪ ಬದಲಾಗಿದೆ" ಅಂದರೆ ಅವರಿಗೆ ಏನೂ ಗೊತ್ತಾಗಲ್ಲ.

ಗರ್ಭಿಣಿಯಾಗಿದ್ದರೆ ಅಥವಾ ಆಗೋ ಯೋಚನೆ ಇದ್ದರೆ ಈ ಕಾದು ನೋಡೋ ಆಟ ಬೇಡವೇ ಬೇಡ, ಡಾಕ್ಟರು ಹೇಳಿದ ಡೋಸ್ ಆ ದಿನವೇ ಶುರುವಾಗಬೇಕು.

ಮಂದಾರ
ಗರ್ಭಿಣಿ ಅಲ್ಲ ಸರ್, ವಯಸ್ಸು 47. ನಾಳೆ ಫೋನ್ ಮಾಡ್ತೀನಿ.

ಹಳೇ ಸೈಕಲ್
ನನಗೂ ಥೈರಾಯ್ಡ್. ಕಾರ್ಬಿಮಜೋಲ್ ಕೊಟ್ಟಿದ್ದಾರೆ. ಇಷ್ಟು ದಿನ ತಿಂಡಿ ಜೊತೆಗೇ ನುಂಗುತ್ತಿದ್ದೆ. ನಾಳೆಯಿಂದ ನಾನೂ ನಾಲ್ಕು ಗಂಟೆ ಬಿಟ್ಟು ತಿನ್ನಬೇಕೇ? ಮಧುಮೇಹವೂ ಇದೆ, ಅಷ್ಟು ಹೊತ್ತು ಹಸಿದಿರೋದು ಕಷ್ಟ.

ಗುಳಿಗೆ ಡಬ್ಬಿ
ಬೇಡ ಯಜಮಾನ್ರೇ, ದಯವಿಟ್ಟು ಹಸಿದುಕೊಂಡು ಕೂರಬೇಡಿ. ನಿಮ್ಮದು ಥೈರಾಯ್ಡ್ ಜಾಸ್ತಿ ಕೆಲಸ ಮಾಡೋದನ್ನ ತಗ್ಗಿಸೋ ಮಾತ್ರೆ, ಇಲ್ಲಿ ಮಾತಾಡ್ತಿರೋದು ಕಡಿಮೆ ಆದವರ ಮಾತ್ರೆ. ಈ ಅಂತರದ ಲೆಕ್ಕ ನಿಮಗಲ್ಲ. ಹೇಗೆ ತಗೋತಿದ್ದೀರೋ ಹಾಗೇ ತಗೊಳ್ಳಿ, ಸಂದೇಹ ಇದ್ದರೆ ಡಾಕ್ಟರನ್ನ ಕೇಳಿ.

ಹಳೇ ಸೈಕಲ್
ಸರಿ. ಎರಡೂ ಒಂದೇ ಅಂದುಕೊಂಡಿದ್ದೆ.

ಲ್ಯಾಬ್ ಕೋಟು
ಸೋಯಾ ಮೇಲೆ ತಪ್ಪು ಹೊರಿಸೋ ಮೊದಲು ಒಂದೆರಡು ಪ್ರಶ್ನೆ. ಎರಡೂ ಸಲ ಒಂದೇ ಲ್ಯಾಬಾ? ಎರಡೂ ಸಲ ಬೆಳಿಗ್ಗೆಯೇ ರಕ್ತ ಕೊಟ್ಟಿರಾ? ಟಿಎಸ್‌ಎಚ್ ಬೆಳಗಿನ ಜಾವ ಜಾಸ್ತಿ, ಮಧ್ಯಾಹ್ನದ ಮೇಲೆ ಕಡಿಮೆ ಇರುತ್ತೆ. ಕೂದಲು ಉದುರುತ್ತೆ ಅಂತ ಬಯೋಟಿನ್ ಏನಾದರೂ ನುಂಗ್ತಿದೀರಾ? ಅದು ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಅಂಕಿಯನ್ನ ಸುಳ್ಳೇ ಇಳಿಸಿ ತೋರಿಸುತ್ತೆ.

ಮಂದಾರ
ಒಂದೇ ಲ್ಯಾಬ್, ಎರಡೂ ಸಲ ಬೆಳಿಗ್ಗೆ ಎಂಟರ ಸುಮಾರಿಗೆ. ಬಯೋಟಿನ್ ತಗೊಂಡಿಲ್ಲ. ಕೂದಲು ಉದುರ್ತಿರೋದು ನಿಜ, ಅದು 7.8ರ ಪ್ರಸಾದ ಅನ್ಸುತ್ತೆ.

ಲ್ಯಾಬ್ ಕೋಟು
ಹಾಗಿದ್ದರೆ ಅಂಕಿ ನಂಬಬಹುದು. 2.1 ಎಲ್ಲಿ 7.8 ಎಲ್ಲಿ, ದಿನದ ಏರಿಳಿತಕ್ಕೆ ಇಷ್ಟು ಅಂತರ ಬರಲ್ಲ.

ನಿದ್ದೆಗಣ್ಣು
ಇದಕ್ಕೆಲ್ಲ ಸುಲಭದ ದಾರಿ ಇದೆ. ಮಾತ್ರೆಯನ್ನ ರಾತ್ರಿ ಮಲಗೋವಾಗ ತಗೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ಕಾಫಿ, ಸೋಯಾ ಏನು ಬೇಕಾದರೂ ಕುಡೀಬಹುದು. ನಾನು ಎರಡು ವರ್ಷದಿಂದ ಹಾಗೇ ಮಾಡ್ತಿದೀನಿ, ಟಿಎಸ್‌ಎಚ್ ಗಟ್ಟಿಯಾಗಿ ನಿಂತಿದೆ.

ಮಂದಾರ
ಇದು ಚೆನ್ನಾಗಿದೆ! ನಮ್ಮ ಮನೇಲಿ ರಾತ್ರಿ ಊಟ ಒಂಬತ್ತೂವರೆಗೆ, ಹನ್ನೊಂದೂವರೆಗೆ ಮಲಗ್ತೀನಿ. ಆಗ ತಗೊಂಡರೆ ಆಯ್ತಲ್ಲ?

ಗುಳಿಗೆ ಡಬ್ಬಿ
ರಾತ್ರಿ ತಗೊಳ್ಳೋದು ಒಳ್ಳೆಯ ದಾರಿಯೇ, ಪರೀಕ್ಷಿಸಿ ನೋಡಿದ ದಾರಿ. ಆದರೆ ಕೊನೆಯ ತುತ್ತಾಗಿ ಮೂರು ಗಂಟೆಯಾದರೂ ಕಳೆದಿರಬೇಕು. ನಿಮಗೆ ಸಿಗೋದು ಎರಡೇ ಗಂಟೆ, ಅದೂ ನಿಮ್ಮ ದಿನದ ಅತಿ ದೊಡ್ಡ ಸೋಯಾ ಬಟ್ಟಲು ತಿಂದ ಮೇಲೆ. ಬೆಳಗಿನ ಜಗಳವನ್ನ ರಾತ್ರಿಗೆ ಸಾಗಿಸಿದ ಹಾಗಾಗುತ್ತೆ. ನಿದ್ದೆಗಣ್ಣು ಅವರು ಏಳು ಗಂಟೆಗೇ ಊಟ ಮುಗಿಸೋರು ಅಂತ ಕಾಣುತ್ತೆ.

ನಿದ್ದೆಗಣ್ಣು
ಏಳೂವರೆ 😀 ಹೌದು, ಅದನ್ನ ಹೇಳೋದು ಮರೆತೆ.

ಅಳತೆ ಚಮಚ
ನನ್ನದೊಂದು ತಕರಾರು ಇದೆ ಗುಳಿಗೆ ಡಬ್ಬಿ ಅವರೇ. ಅಂತರ, ಅಂತರ ಅಂತ ಜನರನ್ನ ಗಡಿಯಾರಕ್ಕೆ ಕಟ್ಟಿಹಾಕೋದು ನನಗೆ ಅಷ್ಟು ಇಷ್ಟ ಇಲ್ಲ. ದಿನಾ ಒಂದೇ ಹೊತ್ತಿಗೆ ಒಂದೇ ಅಳತೆಯ ಸೋಯಾ ಕುಡಿದರೆ ತಡೆಯೂ ದಿನಾ ಒಂದೇ ಅಳತೆಯದು. ಆ ತಡೆಯನ್ನ ಸೇರಿಸಿಕೊಂಡೇ ಡಾಕ್ಟರು ಡೋಸ್ ಗೊತ್ತು ಮಾಡಬಹುದು. ನನ್ನ ಹತ್ತಿರ ಬರೋರಲ್ಲಿ ರಾತ್ರಿ ಪಾಳಿ ಮಾಡೋರು ಇದ್ದಾರೆ, ಸಣ್ಣ ಮಕ್ಕಳ ತಾಯಂದಿರು ಇದ್ದಾರೆ, ನಾಲ್ಕು ಗಂಟೆ ಅನ್ನೋದು ಅವರಿಗೆ ಆಗದ ಮಾತು. ಅಂಥವರಿಗೆ ನಾನು ಹೇಳೋದು, ಏನು ಮಾಡಿದರೂ ದಿನಾ ಅದನ್ನೇ ಮಾಡಿ ಅಂತ.

ಗುಳಿಗೆ ಡಬ್ಬಿ
ಒಪ್ಪಿದೆ, ಬೇರೆ ದಾರಿ ಇಲ್ಲದವರಿಗೆ. ಅದರ ಅಪಾಯ ಗೊತ್ತಿರಬೇಕು ಅಷ್ಟೇ. ಸೋಯಾ ಸೇರಿಸಿಕೊಂಡು ಡೋಸ್ ಹೊಂದಿಸಿದ ಮೇಲೆ ಒಂದು ತಿಂಗಳು ನೆಂಟರ ಮನೆಗೆ ಹೋಗಿ ಸೋಯಾ ನಿಂತುಹೋದರೆ, ಅಥವಾ ಬೇಜಾರಾಗಿ ಬಿಟ್ಟರೆ, ರೇವತಿ ಅವರಿಗೆ ಆಗಿದ್ದೇ ಆಗುತ್ತೆ. ನಾಲ್ಕು ಗಂಟೆ ಅನ್ನೋ ಅಂಕಿ ಕ್ಯಾಲ್ಸಿಯಂನಿಂದ ಬಂದದ್ದು. ಸೋಯಾ ಒಂದಕ್ಕೇ ಅಷ್ಟು ಬೇಕಾ, ಒಂದು ಗಂಟೆ ಸಾಕಾ ಅಂತ ಕೇಳಿದರೆ ನಾನು ಮೇಜು ಗುದ್ದಿ ಹೇಳಲ್ಲ. ಮಂದಾರ ಅವರ ಲೋಟದಲ್ಲಿ ಎರಡೂ ಇರೋದರಿಂದ ದೊಡ್ಡ ಅಂತರವನ್ನೇ ಹೇಳಿದೆ.

ಅಳತೆ ಚಮಚ
ಹಾಗಾದರೆ ಜಗಳ ಇಲ್ಲ.

ಮಂದಾರ
ಡಾಕ್ಟರ ಹತ್ತಿರ ಮಾತಾಡಿದೆ. ಪೂರ್ತಿ ಕೇಳಿಸಿಕೊಂಡು, ಸದ್ಯ 75ರಲ್ಲೇ ಇರಿ, ಹೊತ್ತು ಬದಲಿಸಿ, ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತ ಕೊಡಿ ಅಂದರು. ಸುಸ್ತು ಜಾಸ್ತಿ ಆದರೆ ಮೊದಲೇ ಬನ್ನಿ ಅಂತಲೂ ಹೇಳಿದರು. ಆರು ವಾರ ಯಾಕೆ ಬೇಕು? ಹದಿನೈದು ದಿನಕ್ಕೆ ಗೊತ್ತಾಗಲ್ವಾ?

ಲ್ಯಾಬ್ ಕೋಟು
ಗೊತ್ತಾಗಲ್ಲ. ಈ ಹಾರ್ಮೋನ್ ರಕ್ತದಲ್ಲಿ ಅರ್ಧ ಆಗೋಕೇ ಏಳು ದಿನ ಹತ್ತಿರ ಬೇಕು. ಹೊಸ ಮಟ್ಟಕ್ಕೆ ಬಂದು ನಿಲ್ಲೋಕೆ ನಾಲ್ಕೈದು ವಾರ. ಅದನ್ನ ನೋಡಿಕೊಂಡು ಟಿಎಸ್‌ಎಚ್ ಇಳಿಯೋದು ಅದಕ್ಕೂ ನಿಧಾನ. ಹದಿನೈದು ದಿನಕ್ಕೆ ಬಂದು ಪರೀಕ್ಷೆ ಮಾಡಿಸಿ, "ಇನ್ನೂ 6 ಇದೆ" ಅಂತ ಗಾಬರಿಯಾಗಿ ಡೋಸ್ ಏರಿಸಿಕೊಂಡವರನ್ನ ನೋಡಿದ್ದೀನಿ.

ಮಂದಾರ
ಹಾಗಾದರೆ ಹೀಗೆ ಮಾಡಬಹುದಾ ಹೇಳಿ. ನನಗೆ ಐದೂವರೆಗೆ ಹೇಗೂ ಎಚ್ಚರ ಆಗುತ್ತೆ. ತಲೆದಿಂಬಿನ ಪಕ್ಕ ಮಾತ್ರೆ, ನೀರು ಇಟ್ಟುಕೊಂಡು ಆಗಲೇ ನುಂಗೋದು. ಆರೂವರೆ ಆದ ಮೇಲೆ ಕಪ್ಪು ಕಾಫಿ. ಏಳೂವರೆಗೆ ಸೋಯಾ ಇಲ್ಲದ ತಿಂಡಿ. ಸೋಯಾ ಹಾಲು ಒಂಬತ್ತೂವರೆಗೆ ಆಫೀಸಿನಲ್ಲಿ.

ಗುಳಿಗೆ ಡಬ್ಬಿ
ಇದಕ್ಕಿಂತ ಚೆನ್ನಾಗಿ ನಾನೂ ಬರೆದುಕೊಡ್ತಿರಲಿಲ್ಲ. ಕಾಫಿಗೂ ಒಂದು ಗಂಟೆ ಬಿಟ್ಟಿದ್ದು ಒಳ್ಳೇದಾಯ್ತು, ಹಾಲಿಲ್ಲದ ಕಾಫಿಯೂ ಹೀರುವಿಕೆ ಕಡಿಮೆ ಮಾಡುತ್ತೆ. ರಾತ್ರಿಯ ಚಂಕ್ಸ್‌ಗೂ ಮರುದಿನದ ಐದೂವರೆಗೂ ಎಂಟು ಗಂಟೆ ಇರುತ್ತೆ, ಅದರ ಚಿಂತೆ ಬೇಡ. ಮಾತ್ರೆಗೆ ಬರೀ ನೀರು. ಒಂದು ದಿನ ಏಳಕ್ಕೆ ಎಚ್ಚರವಾದರೆ ಆಗ ನುಂಗಿ, ಆವತ್ತು ಸೋಯಾ ಹಾಲನ್ನ ಹನ್ನೊಂದಕ್ಕೆ ತಳ್ಳಿ.

ತಂಗಾಳಿ
ನಾನು ಮಾತ್ರೆಯನ್ನೇ ತಗೊಳ್ಳಲ್ಲ. ಟಿಎಸ್‌ಎಚ್ 6.2, ಟಿ4 ಸರಿ ಇದೆ, ಮೂರು ತಿಂಗಳು ನೋಡೋಣ ಅಂದಿದ್ದಾರೆ. ಅಂದರೆ ನನಗೆ ಸೋಯಾ ಎಷ್ಟು ಬೇಕಾದರೂ ಓಕೆ ಅಲ್ವಾ? ತಡೆಯೋಕೆ ಮಾತ್ರೆಯೇ ಇಲ್ಲ.

ಗುಳಿಗೆ ಡಬ್ಬಿ
ನಿಮ್ಮದು ತಲೆಕೆಳಗಾದ ಲೆಕ್ಕ. ರೇವತಿ ಅವರಿಗೆ ಗ್ರಂಥಿ ಇಲ್ಲ, ಮಾತ್ರೆ ಇದೆ. ನಿಮಗೆ ಮಾತ್ರೆ ಇಲ್ಲ, ಏದುಸಿರು ಬಿಡ್ತಿರೋ ಗ್ರಂಥಿ ಇದೆ. ಐಸೊಫ್ಲೇವೋನ್ ಮಾತು ಸ್ವಲ್ಪವಾದರೂ ಯಾರಿಗೆ ಅನ್ವಯಿಸುತ್ತೆ ಅಂದರೆ ನಿಮ್ಮಂಥವರಿಗೇ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಿಮ್ಮ ಸ್ಥಿತಿಯ 60 ಜನಕ್ಕೆ ಎಂಟು ವಾರ ದಿನಕ್ಕೆ 30 ಗ್ರಾಂ ಸೋಯಾ ಪ್ರೋಟೀನ್, ಅದರಲ್ಲಿ 16 ಮಿಗ್ರಾಂ ಐಸೊಫ್ಲೇವೋನ್ ಇರುವಂತೆ ಕೊಟ್ಟರು. ಆರು ಜನರ ಥೈರಾಯ್ಡ್ ಪೂರ್ತಿ ಸೋತ ಸ್ಥಿತಿಗೆ ಹೋಯ್ತು.

ಕಹಿಬೇವು
ನೋಡಿದ್ರಾ? ನಾನು ಹೇಳಿದ್ದೇ ಅದು.

ಗುಳಿಗೆ ಡಬ್ಬಿ
ತಡೆಯಿರಿ, ಕತೆ ಮುಗಿದಿಲ್ಲ. ಅದೇ ತಂಡದವರು ಮತ್ತೆ ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದರು. ಈ ಸಲ ಐಸೊಫ್ಲೇವೋನ್ 66 ಮಿಗ್ರಾಂ, ನಾಲ್ಕು ಪಟ್ಟು ಜಾಸ್ತಿ. ಥೈರಾಯ್ಡ್ ಅಂಕಿಗಳು ಅಲುಗಾಡಲಿಲ್ಲ. ಕಡಿಮೆ ಕೊಟ್ಟಾಗ ಕೆಟ್ಟಿತು, ಜಾಸ್ತಿ ಕೊಟ್ಟಾಗ ಕೆಡಲಿಲ್ಲ ಅಂದರೆ ಯಾವುದನ್ನ ಹಿಡಿಯೋದು? ನನಗೂ ಬಗೆಹರಿದಿಲ್ಲ. ತಂಗಾಳಿ ಅವರೇ, ಸೋಯಾ ಬಿಡಿ ಅಂತ ಹೇಳಲ್ಲ. ಮುಂದಿನ ಪರೀಕ್ಷೆವರೆಗೆ ಹೊಸದಾಗಿ ದೊಡ್ಡ ಪ್ರಮಾಣದಲ್ಲಿ ಶುರು ಮಾಡಬೇಡಿ, ಈಗ ತಿಂತಿರೋದನ್ನ ಡಾಕ್ಟರಿಗೆ ಹೇಳಿಡಿ, ಅಯೋಡಿನ್ ಇರೋ ಉಪ್ಪನ್ನೇ ಬಳಸಿ. ಐಸೊಫ್ಲೇವೋನ್ ಕ್ಯಾಪ್ಸೂಲ್ ಅಂತೂ ನಿಮಗೆ ಬೇಡ.

ಕಸರತ್ತು
ಸರ್ ನನ್ನದೂ ಒಂದು. ಸೋಯಾ ತಿಂದರೆ ಗಂಡಸರಿಗೆ ಹೆಣ್ಣಿನ ಹಾರ್ಮೋನ್ ಜಾಸ್ತಿ ಆಗುತ್ತೆ ಅಂತ ಜಿಮ್‌ನಲ್ಲಿ ಎಲ್ಲರೂ ತಮಾಷೆ ಮಾಡ್ತಾರೆ. ನಿಜಾನಾ?

ಅಳತೆ ಚಮಚ
ಮಾಮೂಲಿ ಪ್ರಮಾಣದಲ್ಲಿ ಟೆಸ್ಟೋಸ್ಟೆರಾನ್ ಇಳಿಯಲ್ಲ, ಅದನ್ನ ಹಲವು ಪ್ರಯೋಗಗಳನ್ನ ಒಟ್ಟುಗೂಡಿಸಿ ನೋಡಿದ್ದಾರೆ. ನಿನ್ನ ಜಿಮ್ ಗೆಳೆಯರ ತಮಾಷೆಗೆ ಆಧಾರವಾಗಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದ ಒಬ್ಬರ ಕತೆ ಇದೆ. 60 ವರ್ಷದವರು, ಎದೆ ಊದಿಕೊಂಡು ನೋಯೋಕೆ ಶುರುವಾಯ್ತು. ವಿಚಾರಿಸಿದರೆ ದಿನಕ್ಕೆ ಸುಮಾರು ಮೂರು ಲೀಟರ್ ಸೋಯಾ ಹಾಲು ಕುಡೀತಿದ್ದರು. ನಿಲ್ಲಿಸಿದ ಮೇಲೆ ಸರಿಹೋಯ್ತು. ಮೂರು ಲೀಟರ್ ಕಣಪ್ಪ, ನೀರು ಕುಡಿಯೋ ಹಾಗೆ.

ಕಸರತ್ತು
ಆಯ್ತು, ನಾನು ಸೇಫ್ 😄

ಮಂದಾರ
ಮೂರು ಲೀಟರ್ ಕೇಳಿ ನನ್ನ ಲೆಕ್ಕವೂ ನೋಡಬೇಕು ಅನ್ನಿಸ್ತು. ದಿನಕ್ಕೆ ಮೂರು ಹೊತ್ತೂ ಸೋಯಾ ಆಯ್ತಲ್ಲ ನಂದು, ಅತಿಯಾಯ್ತಾ?

ಅಳತೆ ಚಮಚ
ಕೂಡಿಸೋಣ. ಒಂದು ಸಲದ ಪಾಲು ಅಂದರೆ ಒಂದು ಲೋಟ, ಅಂದರೆ ಸುಮಾರು 240 ಮಿಲಿ ಸೋಯಾ ಹಾಲು, ಇಲ್ಲ 100 ಗ್ರಾಂ ತೋಫು, ಇಲ್ಲ 30 ಗ್ರಾಂ ಒಣ ಚಂಕ್ಸ್ ಅಂತ ನಾನು ಹಿಡೀತೀನಿ. ನಿಮ್ಮ ಹಾಲು ಒಂದೂಕಾಲು ಪಾಲು, ತೋಫು ಒಂದು, ಚಂಕ್ಸ್ ಒಂದೂಮುಕ್ಕಾಲು ಹತ್ತಿರ. ಒಟ್ಟು ನಾಲ್ಕು. ಪ್ರೋಟೀನ್ ನೋಡಿದರೆ ಹಾಲಿಂದ 9, ತೋಫುವಿಂದ ಹತ್ತು ಹನ್ನೆರಡು, ಚಂಕ್ಸ್‌ನಿಂದ 26, ಕೂಡಿದರೆ 46 ಗ್ರಾಂ ಆಸುಪಾಸು ಸೋಯಾದಿಂದಲೇ ಬರ್ತಿದೆ.

ಐಸೊಫ್ಲೇವೋನ್ ಅಳೆಯೋದು ಇಷ್ಟು ಸುಲಭ ಅಲ್ಲ. ಹಾಲು, ತೋಫುಗಳಲ್ಲಿ ಒಂದು ಗ್ರಾಂ ಪ್ರೋಟೀನ್‌ಗೆ ಮೂರೂವರೆ ಮಿಗ್ರಾಂ ಅನ್ನೋ ಅಂದಾಜು ನಡೆಯುತ್ತೆ, ಅಂದರೆ ನಿಮ್ಮ ಹಾಲು ತೋಫು ಸೇರಿ 70 ಮಿಗ್ರಾಂ ಹತ್ತಿರ. ಚಂಕ್ಸ್‌ಗೆ ಆ ಅಂದಾಜು ಹಾಕೋಕಾಗಲ್ಲ, ಎಣ್ಣೆ ತೆಗೆದ ಹಿಟ್ಟನ್ನ ಕಾರ್ಖಾನೆಯಲ್ಲಿ ಹೇಗೆ ತೊಳೆದಿದ್ದಾರೆ ಅನ್ನೋದರ ಮೇಲೆ ತುಂಬಾ ಏರುಪೇರಾಗುತ್ತೆ. ಹೋಲಿಕೆಗೆ ಹೇಳೋದಾದರೆ, ಸೋಯಾ ಅಡುಗೆ ರೂಢಿಯಲ್ಲಿರೋ ಜಪಾನಿನಲ್ಲಿ ದೊಡ್ಡವರ ಹೊಟ್ಟೆಗೆ ದಿನಕ್ಕೆ 30ರಿಂದ 50 ಮಿಗ್ರಾಂ ಹೋಗುತ್ತೆ.

ವಿಷ ಏನಲ್ಲ. ಮುಟ್ಟು ನಿಲ್ಲೋ ವಯಸ್ಸಿನ ಮತ್ತು ನಿಂತ ಹೆಂಗಸರ ಮೇಲಿನ ಪ್ರಯೋಗಗಳನ್ನ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಒಟ್ಟಿಗೆ ನೋಡಿತ್ತು. ಐಸೊಫ್ಲೇವೋನ್ ಗುಳಿಗೆ ದಿನಕ್ಕೆ 35ರಿಂದ 150 ಮಿಗ್ರಾಂವರೆಗೆ ತಗೊಂಡವರಲ್ಲಿ ಥೈರಾಯ್ಡ್‌ಗಾಗಲಿ ಎದೆಗಾಗಲಿ ಗರ್ಭಕೋಶಕ್ಕಾಗಲಿ ಹಾನಿ ಕಂಡಿಲ್ಲ ಅಂತ ಹೇಳಿತು. ಆದರೂ ನಾನಾಗಿದ್ದರೆ ಎರಡು, ಹೆಚ್ಚೆಂದರೆ ಮೂರು ಪಾಲಿಗೆ ಇಳಿಸ್ತಿದ್ದೆ. ಕಾರಣ ಐಸೊಫ್ಲೇವೋನ್ ಅಲ್ಲ, ಬೇಳೆಕಾಳು, ಮೊಟ್ಟೆ, ಬೀಜಗಳಿಗೆ ತಟ್ಟೆಯಲ್ಲಿ ಜಾಗವೇ ಇಲ್ಲದ ಹಾಗಾಗಿದೆ ಅನ್ನೋದು.

ಗುಳಿಗೆ ಡಬ್ಬಿ
ಇಳಿಸೋದಾದರೆ ಈಗಲೇ ಬೇಡ! ಎಂಟು ವಾರದ ಪರೀಕ್ಷೆ ಮುಗೀಲಿ. ಈಗ ಹೊತ್ತು ಮಾತ್ರ ಬದಲಾಗಲಿ, ಅಳತೆ ಹಾಗೇ ಇರಲಿ. ಇಲ್ಲದಿದ್ದರೆ ಟಿಎಸ್‌ಎಚ್ ಇಳಿದರೂ ಯಾಕೆ ಇಳಿಯಿತು ಅಂತ ಗೊತ್ತಾಗಲ್ಲ.

ಅಳತೆ ಚಮಚ
ಸರಿಯಾದ ಮಾತು, ನಾನು ಆತುರಪಟ್ಟೆ. ಒಂದು ಕೆಲಸ ಮಾತ್ರ ಮಾಡಿ ಮಂದಾರ, ಚಂಕ್ಸ್ ಅನ್ನು ನೆನೆಸೋ ಮೊದಲೇ ತೂಗಿ, ದಿನಾ ಅದೇ 50 ಗ್ರಾಂ ಹಾಕಿ. ಬಿಸಿನೀರಲ್ಲಿ ನೆನೆಸಿ ಎರಡು ಸಲ ಹಿಂಡಿ ನೀರು ಚೆಲ್ಲಿದರೆ ಹೊಟ್ಟೆಯುಬ್ಬರವೂ ಕಡಿಮೆ.

ಮಂದಾರ
ಏಳು ವಾರ ಆಯ್ತು, ಬಂದು ಹೇಳ್ತೀನಿ ಅಂದಿದ್ದೆ. ಇವತ್ತು ವರದಿ ಬಂತು. ಅದೇ ಲ್ಯಾಬ್, ಬೆಳಿಗ್ಗೆ ಎಂಟು ಗಂಟೆ. ಟಿಎಸ್‌ಎಚ್ 3.2. ಮಾತ್ರೆ 75ರಲ್ಲೇ ಇದೆ. ಸೋಯಾ ಒಂದು ಚೂರೂ ಕಡಿಮೆ ಮಾಡಿಲ್ಲ, ಚಂಕ್ಸ್ ತೂಗಿ ತೂಗಿ ತಕ್ಕಡಿ ಬಟನ್ ಸವೆದಿದೆ. ಎರಡು ದಿನ ಮಾತ್ರ ಏಳಕ್ಕೆ ಎದ್ದಿದ್ದೆ. ಸುಸ್ತು ಅರ್ಧ ಕಡಿಮೆ ಆಗಿದೆ, ಕೂದಲು ಇನ್ನೂ ಉದುರ್ತಿದೆ. ಡಾಕ್ಟರು 100ರ ಚೀಟಿಯನ್ನ ಹೊಡೆದುಹಾಕಿ ಮೂರು ತಿಂಗಳಿಗೆ ಬನ್ನಿ ಅಂದರು.

ರೇವತಿ ಎಸ್.
ಅಬ್ಬಾ, ನನ್ನ ದಾರಿ ಹಿಡಿಯಲಿಲ್ಲವಲ್ಲ, ಅಷ್ಟು ಸಾಕು. ಕೂದಲು ನಿಲ್ಲೋಕೆ ಇನ್ನೂ ಕೆಲವು ತಿಂಗಳು ಬೇಕು, ನನಗೂ ಹಾಗೇ ಆಗಿತ್ತು.

ಕಹಿಬೇವು
ಒಳ್ಳೇದಾಯ್ತು. ಆದರೆ ಹಳೇ 2.1ಕ್ಕೆ ಬರಲಿಲ್ಲ ನೋಡಿ. ಆ ಉಳಿದ 1.1 ಸೋಯಾದ್ದೇ ಇರಬಹುದು.

ಲ್ಯಾಬ್ ಕೋಟು
ಇರಬಹುದು, ಇಲ್ಲದೆಯೂ ಇರಬಹುದು. ಒಂದೇ ಮನುಷ್ಯನಲ್ಲಿ ಟಿಎಸ್‌ಎಚ್ ಇಷ್ಟು ಅಲುಗಾಡೋದು ಮಾಮೂಲು. ಇನ್ನೂ ಇಳಿಯುತ್ತಲೂ ಇರಬಹುದು, ಏಳೇ ವಾರ ಆಗಿರೋದು.

ಮಂದಾರ
ಒಂದು ಮಾತ್ರ ತಲೆಯಲ್ಲಿ ಕೊರೀತಿದೆ. ತಡೆದಿದ್ದು ಸೋಯಾನಾ, ಅದರೊಳಗಿನ ಕ್ಯಾಲ್ಸಿಯಂನಾ, ಓಟ್ಸಾ? ಕ್ಯಾಲ್ಸಿಯಂ ಸೇರಿಸದ ಸೋಯಾ ಹಾಲು ತಂದು ಮತ್ತೆ ಏಳೂ ಇಪ್ಪತ್ತಕ್ಕೆ ಕುಡಿದು ನೋಡಲಾ ಅಂತ ಆಸೆ ಆಗ್ತಿದೆ.

ಗುಳಿಗೆ ಡಬ್ಬಿ
ಆಸೆ ಅರ್ಥ ಆಗುತ್ತೆ, ನನಗೂ ತಿಳ್ಕೊಳ್ಳೋ ಕುತೂಹಲ ಇದೆ. ಆದರೆ ಮೂರನ್ನೂ ಬಿಡಿಸಿ ನೋಡಬೇಕಾದರೆ ಒಂದೊಂದಕ್ಕೆ ಎರಡೆರಡು ತಿಂಗಳು, ಮಧ್ಯೆ ಮತ್ತೆ ಸುಸ್ತು, ಮತ್ತೆ ಸೂಜಿ. ಒಂಬತ್ತೂವರೆಯ ಲೋಟ ಅಭ್ಯಾಸ ಆಗಿದೆಯಲ್ಲ, ಅದನ್ನ ಬಿಡಬೇಡಿ. ಇನ್ನೊಂದು ವಿಷಯ, ಈಗಿನ ಹಾಲಿನ ಡಬ್ಬವನ್ನ ಕುಡಿಯೋ ಮೊದಲು ಚೆನ್ನಾಗಿ ಅಲ್ಲಾಡಿಸಿ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂತುಬಿಡುತ್ತೆ, ಕೊನೆಯ ಲೋಟಕ್ಕೆ ಗಟ್ಟಿಯಾಗಿ ಬರುತ್ತೆ.

ಮಂದಾರ
ಅಯ್ಯೋ, ನಾನು ಒಂದು ದಿನವೂ ಅಲ್ಲಾಡಿಸಿಲ್ಲ! ಕೊನೆಯ ಲೋಟ ಯಾವಾಗಲೂ ಸುಣ್ಣದ ನೀರಿನ ಹಾಗಿರ್ತಿತ್ತು, ಹಾಲು ಕೆಟ್ಟಿದೆ ಅಂತ ಚೆಲ್ಲಿಬಿಡ್ತಿದ್ದೆ.